ಇನ್ನು ರಜೆ ಯಾರಲ್ಲಿ ಕೇಳುವುದು?

ಬದಿಯಡ್ಕದ ನಮ್ಮ ಅಡಿಕೆ ಖರೀದಿ ಶಾಖೆಯಲ್ಲಿ ಏಳು ಜನ, ಎಲ್ಲರೂ ನನ್ನ ಕೆಳಗಿದ್ದರು. ಕಂಪೆನಿ ವಿಭಾಗಗಳನ್ನು ಬೇರೆ ಮಾಡಿದಾಗ ಖರೀದಿಯ ನಾಲ್ವರು ಮಂಗಳೂರಿನ ಮೇಡಂ ಕೆಳಗೆ ಹೋದರು, ಲೆಕ್ಕದ ಇಬ್ಬರು ಕಣ್ಣೂರಿನ ಮ್ಯಾನೇಜರ್ ಕೆಳಗೆ. ನನ್ನ ಜೊತೆ ಉಳಿದದ್ದು ಡ್ರೈವರ್ ಒಬ್ಬರೇ.

ಎಲ್ಲರನ್ನೂ ಸೇರಿಸಿ ಹೇಳುವ ಮೊದಲು, ಅದೇ ದಿನ ಬೆಳಿಗ್ಗೆ, ಚಾಲಿ ಅಡಿಕೆ ನೋಡಿ ದರ ಹೇಳುವ ನಮ್ಮ ಹಿರಿಯರನ್ನು ಒಬ್ಬರೇ ಕರೆದೆ. ನಾವೆಲ್ಲ ಅವರನ್ನು ಬಾವ ಎಂದೇ ಕರೆಯುವುದು. ಅವರ ಮುಖ ನೋಡಿ ಬಾಯಿತಪ್ಪಿ "ಏನೂ ಬದಲಾಗುವುದಿಲ್ಲ ಬಾವ" ಎಂದುಬಿಟ್ಟೆ. ಅದು ಸುಳ್ಳು. ಒಳ್ಳೆ ಮಾಲು ಬಂದರೆ ಕಿಲೋಗೆ ನಾಲ್ಕೈದು ರೂಪಾಯಿ ಜಾಸ್ತಿ ಕೊಡಲು ನನಗೊಂದು ಮಾತು ಹೇಳಿದರೆ ಸಾಕಿತ್ತು. ಇನ್ನು ಅದಕ್ಕೆ ಮಂಗಳೂರು ಒಪ್ಪಬೇಕು. ಹತ್ತು ನಿಮಿಷದಲ್ಲಿ ಅವರ ಬಳಿಗೇ ಹೋಗಿ ತಿದ್ದಿ ಹೇಳಿದೆ. "ರೈತ ಎದುರಲ್ಲೇ ನಿಂತಿರ್ತಾನಲ್ಲ, ಆಗ ಏನು ಹೇಳ್ಲಿ?" ಅಂದರು. ನಾನು ಯೋಚಿಸಿಯೇ ಇರಲಿಲ್ಲ. ಮೇಡಂಗೆ ಫೋನ್ ಮಾಡಿದೆ. ಮೂರು ರೂಪಾಯಿವರೆಗೆ ಬಾವನೇ ತೀರ್ಮಾನಿಸಬಹುದು ಎಂದು ಅವರು ಬರೆದು ಕಳಿಸಿದರು.

ಸಂಜೆ ಶಟರ್ ಎಳೆದ ಮೇಲೆ ಎಲ್ಲರಿಗೂ ಹೇಳಿದೆ. ಮೇಡಂ ಕೂಡ ಬಂದಿದ್ದರು. ಕಾರಣ ಎರಡೇ ವಾಕ್ಯದಲ್ಲಿ ಮುಗಿಸಿದೆ. ಜನರಿಗೆ ಬೇಕಿದ್ದದ್ದು ಬೇರೆ: ಒಂದನೇ ತಾರೀಕಿನಿಂದ ರಜೆ ಯಾರು ಕೊಡುತ್ತಾರೆ, ಪ್ರಯಾಣದ ಬಿಲ್ಲಿಗೆ ಯಾರ ಸಹಿ, ವರ್ಷದ ಕೊನೆಗೆ ನಮ್ಮ ಕೆಲಸ ತೂಗುವವರು ಯಾರು? ಪ್ರತಿಯೊಬ್ಬರ ಹೆಸರಿನ ಮುಂದೆ ಇದನ್ನು ಬರೆದ ಒಂದು ಹಾಳೆಯನ್ನು ಗೋಡೆಗೆ ಅಂಟಿಸಿದೆ.

ಲೆಕ್ಕದ ಹುಡುಗಿ ಕನ್ನಡ ಮೀಡಿಯಂನಲ್ಲಿ ಓದಿದವಳು. "ಸರ್, ರಿಪೋರ್ಟು ಮಲಯಾಳದಲ್ಲಿ ಬರೀಬೇಕಾ?" ಎಂದು ಮೆಲ್ಲಗೆ ಕೇಳಿದಳು. ಗೊತ್ತಿಲ್ಲ, ಬುಧವಾರದೊಳಗೆ ಹೇಳುತ್ತೇನೆ ಅಂದೆ. ಮಂಗಳವಾರವೇ ತಿಳಿಯಿತು: ಬರಹ ಈಗಿನಂತೆ ಇಂಗ್ಲಿಷಿನಲ್ಲೇ, ಫೋನಿನಲ್ಲಿ ಮಾತ್ರ ಮಲಯಾಳ. ಅದನ್ನು ಮೊದಲು ಅವಳಿಗೇ ಹೇಳಿದೆ.

ನಾನು ಬಾಯಿಮಾತಿನಲ್ಲಿ ಒಪ್ಪಿದ್ದ ವಿಷಯಗಳೇ ನನ್ನನ್ನು ಜಾಸ್ತಿ ಕಾಡಿದ್ದು. ಒಬ್ಬರಿಗೆ ಮಗಳ ಮದುವೆಗೆ ಹನ್ನೆರಡು ದಿನ ರಜೆ, ಇನ್ನೊಬ್ಬರಿಗೆ ಶನಿವಾರ ಮಧ್ಯಾಹ್ನ ತಾಯಿಯ ಡಯಾಲಿಸಿಸ್‌ಗೆ ಬಿಡುವು. ಇವು ಯಾವ ಕಡತದಲ್ಲೂ ಇರಲಿಲ್ಲ. ಅವರನ್ನು ಕೇಳಿಯೇ ಬರೆದು, ಮೇಡಂ ಒಪ್ಪಿದ ಉತ್ತರವನ್ನು ಇಬ್ಬರಿಗೂ ತೋರಿಸಿದೆ.

ಎರಡು ವಾರ ಆದರೂ ಎಲ್ಲರೂ ರಜೆಗೆ ನನ್ನ ಬಳಿಗೇ ಬರುತ್ತಿದ್ದರು. ಸಹಿ ಹಾಕಿಕೊಡುವುದು ಸುಲಭವಿತ್ತು. ಹಾಕಲಿಲ್ಲ. ಪಕ್ಕದಲ್ಲೇ ಕೂರಿಸಿಕೊಂಡು ಮೇಡಂಗೋ ಕಣ್ಣೂರಿಗೋ ಫೋನ್ ಹಚ್ಚಿ, ಅವರ ಕೈಗೆ ಕೊಟ್ಟು ಹೊರಗೆ ಹೋಗುತ್ತಿದ್ದೆ.