ಪಿಸ್ತಾ ಕಾರ್ಡು, ಚಿನ್ನದ ಅಕ್ಷರ, ಅಮ್ಮನ ಕನ್ನಡಕ

ಅಕ್ಕನ ಮಗಳ ಮದುವೆಗೆ ಲಗ್ನಪತ್ರಿಕೆ ಮಾಡಿಸುವ ಕೆಲಸ ನನಗೇ ಬಂತು. ಹನುಮಂತನಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಊರವರಿಗೆಲ್ಲ ಮಾಡಿಕೊಡುವವನು ಮನೆಯವರಿಗೆ ಬೇಡ ಅನ್ನೋಕಾಗುತ್ತಾ?

ಹುಡುಗಿ ಸುಲ್ತಾನ್‌ಪೇಟೆಗೆ ಹೋಗಿ ಮೊದಲೇ ಆರಿಸಿಟ್ಟಿದ್ದಳು. ಪಿಸ್ತಾ ಬಣ್ಣದ ಕಾರ್ಡು, ಅದರ ಮೇಲೆ ಚಿನ್ನದ ಅಕ್ಷರ, ಕಡು ಹಸಿರು ಕವರು. ಜೋಡಿ ನೋಡೋಕೆ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಕಂಪ್ಯೂಟರ್ ಪರದೆಯಲ್ಲಂತೂ ಚಿನ್ನ ಫಳಫಳ ಹೊಳೆಯುತ್ತಿತ್ತು.

ಆದರೂ ನಾನು ಅಚ್ಚಿಗೆ ಕೊಡುವ ಮೊದಲು ಅದೇ ಕಾರ್ಡಿನ ಮೇಲೆ, ಅದೇ ಇಂಕಿನಲ್ಲಿ ಒಂದು ಪ್ರತಿ ತೆಗೆಸುತ್ತೇನೆ. ಪರದೆ ಮೇಲಿನ ಚಿನ್ನ ಬರೀ ಹಳದಿ. ಕಾಗದದ ಮೇಲಿನದು ಲೋಹದ ಪುಡಿ. ಎರಡಕ್ಕೂ ಸಂಬಂಧವೇ ಇಲ್ಲ.

ಸ್ಕ್ರೀನ್ ಪ್ರಿಂಟಿಂಗ್‌ನವರು ತೆಗೆದುಕೊಟ್ಟ ಪ್ರತಿಯನ್ನು ರಾತ್ರಿ ಅಮ್ಮನ ಕೈಗೆ ಕೊಟ್ಟೆ. ಟ್ಯೂಬ್‌ಲೈಟ್ ಕೆಳಗೆ ಹಿಡಿದರು, ಓರೆ ಮಾಡಿದರು, ಕನ್ನಡಕ ಒರೆಸಿಕೊಂಡರು. "ಏನೋ ಮಿಂಚ್ತಿದೆ ಕಣೋ, ಅಕ್ಷರ ಎಲ್ಲಿದೆ?" ಅಂದರು.

ಫೋನಿನಲ್ಲಿ ಕಾರ್ಡಿನ ಫೋಟೋ ತೆಗೆದು ಕಪ್ಪು-ಬಿಳುಪಿಗೆ ಬದಲಾಯಿಸಿ ಹುಡುಗಿಗೆ ತೋರಿಸಿದೆ. ಅರ್ಧ ಅಕ್ಷರ ಮಾಯ! ಪಿಸ್ತಾ ಬೇರೆ, ಚಿನ್ನ ಬೇರೆ ಬಣ್ಣ ನಿಜ. ಆದರೆ ಎರಡೂ ಹೆಚ್ಚು ಕಡಿಮೆ ಒಂದೇ ತಿಳಿ. ಕಣ್ಣು ಓದುವುದು ಬಣ್ಣದ ವ್ಯತ್ಯಾಸದಿಂದಲ್ಲ, ಮುಖ್ಯವಾಗಿ ತಿಳಿ-ಕಡುವಿನ ವ್ಯತ್ಯಾಸದಿಂದ. ಜೊತೆಗೆ ಚಿನ್ನಕ್ಕೆ ಇನ್ನೊಂದು ರೋಗವಿದೆ. ಬೆಳಕು ಬಿದ್ದ ಕಡೆ ಬೆಳ್ಳಗಾಗುತ್ತದೆ, ಬೀಳದ ಕಡೆ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಒಂದೇ ಸಾಲಿನಲ್ಲಿ ಎರಡೂ ಆಗುತ್ತದೆ.

ಕನ್ನಡಕ್ಕೆ ಇದರ ಪೆಟ್ಟು ಸ್ವಲ್ಪ ಜಾಸ್ತಿ. ಚಿನ್ನದ ಇಂಕಿನಲ್ಲಿ ಲೋಹದ ಚೂರು ಇರುವುದರಿಂದ ಇಂಕು ಇಳಿಯುವ ಸ್ಕ್ರೀನಿಗೆ ದೊಡ್ಡ ಕಣ್ಣಿನ ಬಲೆ ಬೇಕು. ದೊಡ್ಡ ಕಣ್ಣಿನ ಬಲೆಯಲ್ಲಿ ಸಣ್ಣ ಗೆರೆ ಸರಿಯಾಗಿ ನಿಲ್ಲಲ್ಲ. ನಮ್ಮ ಪ್ರತಿಯಲ್ಲಿ 'ಲಕ್ಷ್ಮೀ' ಅನ್ನುವಲ್ಲಿ ಒತ್ತಕ್ಷರದ ಸಂದೆಲ್ಲ ತುಂಬಿ ಒಂದು ಚಿನ್ನದ ಬೊಟ್ಟಾಗಿತ್ತು. ಲಕ್ಷ್ಮಿಗೆ ಒಪ್ಪುತ್ತೆ, ಓದೋರಿಗಲ್ಲ.

ಕಪ್ಪು ಇಂಕು ಹಾಕಿದ್ದರೆ ಓದೋಕೆ ಏನೂ ತೊಂದರೆ ಇರಲಿಲ್ಲ. ಮದುವೆ ಪತ್ರಿಕೆಯಲ್ಲಿ ಕಪ್ಪೇ ಅಂತ ಅಮ್ಮ ನನ್ನ ಮುಖ ನೋಡಿದ ರೀತಿಗೆ ಆ ಮಾತು ಅಲ್ಲಿಗೇ ಬಿಟ್ಟೆ. ಅದೇ ಕಾರ್ಡಿನ ತುಂಡುಗಳ ಮೇಲೆ ಕಡು ಹಸಿರು, ಕುಂಕುಮ ಕೆಂಪು, ಮರೂನ್ ಮೂರರಲ್ಲೂ ಮುಹೂರ್ತದ ಸಾಲು ತೆಗೆಸಿದೆ. ಕಡು ಹಸಿರು ಸ್ಪಷ್ಟವಾಗಿ ಓದಲು ಬಂತು, ತಂಪಾಗಿಯೂ ಇತ್ತು. "ಮಾಮ, ಇದು ನರ್ಸರಿ ಗಿಡದ ಪಾಂಪ್ಲೆಟ್ ಥರ ಇದೆ" ಅಂದಳು ಹುಡುಗಿ. ಕುಂಕುಮ ಕೆಂಪು ಹಸಿರಿನ ಮೇಲೆ ಕಣ್ಣು ಕುಕ್ಕಿತು; ಅಕ್ಷರದ ಅಂಚು ನಡುಗಿದ ಹಾಗೆ ಕಾಣುತ್ತಿತ್ತು. ಮರೂನ್ ಸಾಕಷ್ಟು ಕಡು, ಆದರೂ ಕೆಂಪಿನ ಮಂಗಳ ಅದರಲ್ಲಿತ್ತು. ಅಮ್ಮ ಅದನ್ನು ತಡವರಿಸದೆ ಓದಿದರು.

ಹಾಗಂತ ಚಿನ್ನವನ್ನು ಪೂರ್ತಿ ಬಿಡಲಿಲ್ಲ. ಗಣಪತಿಗೂ ಅಂಚಿನ ಬಳ್ಳಿಗೂ ಅದನ್ನೇ ಉಳಿಸಿದೆ. ಅವನ್ನು ಯಾರೂ ಓದಬೇಕಿಲ್ಲ, ಹೊಳೆದರೆ ಸಾಕು. ವಧೂವರರ ಹೆಸರು, ಮುಹೂರ್ತ, ಛತ್ರದ ವಿಳಾಸ ಎಲ್ಲವೂ ಮರೂನ್. ವಿಳಾಸವನ್ನು 11 ಪಾಯಿಂಟಿನಿಂದ 13ಕ್ಕೆ ಏರಿಸಿದೆ. ಎರಡು ಇಂಕು ಅಂದರೆ ಎರಡು ಸ್ಕ್ರೀನು, ಎರಡು ಸಲ ಅಚ್ಚು, ಖರ್ಚೂ ಜಾಸ್ತಿ. ಎರಡನೇ ಸಲ ಕಾರ್ಡು ಒಂದು ಕೂದಲೆಳೆ ಜರುಗಿದರೂ ಅಕ್ಷರಕ್ಕೆ ತಾಗಬಾರದು ಅಂತ ಬಳ್ಳಿಯನ್ನು ಅರ್ಧ ಇಂಚು ದೂರ ಇಟ್ಟೆ.

ಇನ್ನು ಕವರು. ಕಡು ಹಸಿರಿನ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಹೆಸರು ಬರೆದರೆ ಬರೆದವರಿಗೂ ಕಾಣಲ್ಲ. ಬಿಳಿ ಜೆಲ್ ಪೆನ್ ಕಂಡಿತು, ಆದರೆ ಒಣಗುವಷ್ಟರಲ್ಲಿ ಅಕ್ಕನ ಅಂಗೈಗೆ ಮೆತ್ತಿಕೊಂಡಿತು. ಲೇಬಲ್ ಅಂಟಿಸಿದರೆ ಕೊರಿಯರ್ ಬಂದ ಹಾಗೆ. ಅಕ್ಕ ಸುಮ್ನೆ ನಾಲ್ಕು ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ನೋಡಿದಳು. ಅರಿಶಿನ ಕೊಳೆಯ ಹಾಗೆ ಕಂಡಿತು, ಕುಂಕುಮ ಕಾಣಲೇ ಇಲ್ಲ. ಹುಡುಗಿಯನ್ನು ಒಪ್ಪಿಸಿದ್ದು ನನ್ನ ಕಪ್ಪು-ಬಿಳುಪು ಫೋಟೋ ಅಲ್ಲ, ಇದು.

ಕೊನೆಗೆ ಕೆನೆ ಬಣ್ಣದ ಕವರು ತಂದೆವು, ಒಳಗೆ ಮಾತ್ರ ಕಡು ಹಸಿರಿನ ಲೈನಿಂಗು. ಮೇಲೆ ನೀಲಿ ಪೆನ್ನಿಗೆ ಜಾಗ, ತೆರೆದರೆ ಅವಳು ಇಷ್ಟಪಟ್ಟ ಹಸಿರು.

ಮೊದಲೇ ತಂದಿದ್ದ ಐವತ್ತು ಹಸಿರು ಕವರನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಅಕ್ಕ ಈಗ ಮುಯ್ಯಿ ಕೊಡಲು ಅದನ್ನೇ ಬಳಸುತ್ತಿದ್ದಾಳೆ. ಯಾರು ಕೊಟ್ಟರು ಅಂತ ಯಾರಿಗೂ ಓದೋಕಾಗಲ್ಲ.