ನಾಲ್ಕು ಡಿಪೋ ಸೇರಿಸಿ ಒಂದು ಗೋಡೌನ್ ಮಾಡಿದೆವು, ಸ್ಟಾಕ್ ಮಾತ್ರ ಅರ್ಧ ಆಗಲಿಲ್ಲ

ನಮ್ಮದು ಪಂಪ್‌ಸೆಟ್ ಬಿಡಿಭಾಗಗಳ ವ್ಯಾಪಾರ. ಮೆಕ್ಯಾನಿಕಲ್ ಸೀಲ್, ಬುಶ್, ಬೇರಿಂಗ್, ಇಂಪೆಲ್ಲರ್, ಇಂಥವು. ಹುಬ್ಬಳ್ಳಿ, ಹೈದರಾಬಾದ್, ಚೆನ್ನೈ, ಕೊಚ್ಚಿ ಅಂತ ನಾಲ್ಕು ಕಡೆ ಡಿಪೋ ಇದ್ದವು. ಅವನ್ನೆಲ್ಲ ಮುಚ್ಚಿ ನೆಲಮಂಗಲದ ಹತ್ತಿರ ಒಂದೇ ದೊಡ್ಡ ಗೋಡೌನ್ ಮಾಡುವ ಕೆಲಸ ನನ್ನ ತಲೆಗೆ ಬಂತು.

ಇಷ್ಟೊಂದು ಡಿಪೋ ಯಾಕಿದ್ದವು ಅಂದರೆ ಮುಖ್ಯವಾಗಿ ತೆರಿಗೆಗಾಗಿ. ಜಿಎಸ್‌ಟಿಗೆ ಮುಂಚೆ ಬೇರೆ ರಾಜ್ಯದ ಡೀಲರ್‌ಗೆ ನೇರವಾಗಿ ಮಾರಿದರೆ ಸಿ ಫಾರಂ ಇದ್ದರೂ 2% ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ಅದೇ ಮಾಲನ್ನು ಆ ರಾಜ್ಯದ ನಮ್ಮದೇ ಡಿಪೋಗೆ ಎಫ್ ಫಾರಂ ಮೇಲೆ ಕಳಿಸಿ ಅಲ್ಲಿಂದ ಮಾರಿದರೆ ಆ 2% ಇರುತ್ತಿರಲಿಲ್ಲ. ಹಾಗಾಗಿ ರಾಜ್ಯಕ್ಕೊಂದು ಡಿಪೋ. 2017ರ ಜುಲೈ 1ರಿಂದ ಆ ಕಾರಣವೇ ಹೋಯಿತು. ಅದಾದ ಮೇಲೂ ನಾವು ಸುಮ್ನೆ ಹಳೇ ಅಭ್ಯಾಸದಲ್ಲೇ ಎರಡು ವರ್ಷ ನಡೆಸಿದೆವು.

ಕೆಲಸ ಶುರುವಾಗುವ ಮೊದಲೇ ನಮ್ಮ ಬಾಸ್ ವರ್ಗಮೂಲದ ನಿಯಮ ಎಲ್ಲೋ ಕೇಳಿಕೊಂಡು ಬಂದಿದ್ದರು. ನಾಲ್ಕು ಜಾಗದ ಸ್ಟಾಕ್ ಒಂದೇ ಜಾಗಕ್ಕೆ ಬಂದರೆ ನಾಲ್ಕರ ವರ್ಗಮೂಲ ಎರಡು, ಅಂದರೆ ಸ್ಟಾಕ್ ಅರ್ಧ. ನಮ್ಮಲ್ಲಿ ಒಟ್ಟು 2 ಕೋಟಿ ರೂಪಾಯಿ ಮಾಲಿತ್ತು. "ಒಂದು ಕೋಟಿ ಬಿಡುಗಡೆ ಆಗುತ್ತೆ ಅಲ್ವಾ?" ಅಂತ ಮೀಟಿಂಗಿನಲ್ಲಿ ಕೇಳಿಯೇ ಬಿಟ್ಟರು. ನಾನೂ ತಲೆಯಾಡಿಸಿದೆ. ಅದು ನನ್ನ ಮೊದಲ ತಪ್ಪು.

ಈ ನಿಯಮ ಇರುವುದು ಸೇಫ್ಟಿ ಸ್ಟಾಕಿಗೆ, ಅಂದರೆ ಬೇಡಿಕೆ ಇದ್ದಕ್ಕಿದ್ದಂತೆ ಏರಿದರೆ ಇರಲಿ ಅಂತ ಮೇಲಿಂದ ಇಟ್ಟುಕೊಳ್ಳುವ ಮಾಲಿಗೆ. ತಿಂಗಳ ಮಾರಾಟಕ್ಕೆ ಅಂತ ತರಿಸಿದ ಮಾಲು, ಲಾರಿಯಲ್ಲಿ ದಾರಿಯಲ್ಲಿರುವ ಮಾಲು, ಇವಕ್ಕೆ ಅದು ತಾನಾಗಿ ಹತ್ತುವುದಿಲ್ಲ. ನಾವು ಎಲ್ಲ ಐಟಂಗೂ ತಿಂಗಳಿಗೊಮ್ಮೆ ಆರ್ಡರ್ ಹಾಕುತ್ತಿದ್ದೆವು. ನಾಲ್ಕು ಊರಿನ ಒಂದು ತಿಂಗಳ ಮಾರಾಟ ಒಂದು ಕಡೆ ಕೂಡಿದರೂ ಅದು ಒಂದು ತಿಂಗಳ ಮಾರಾಟವೇ, ಕಮ್ಮಿ ಹೇಗಾಗುತ್ತದೆ? ಇದನ್ನೆಲ್ಲ ಬೇರ್ಪಡಿಸಿ ನೋಡಿದಾಗ 2 ಕೋಟಿಯಲ್ಲಿ ಸೇಫ್ಟಿ ಸ್ಟಾಕ್ ಅಂತ ಕರೆಯಬಹುದಾದದ್ದು 60 ಲಕ್ಷದಷ್ಟು ಮಾತ್ರ. ಉಳಿದರೆ ಅದರಲ್ಲೇ ಉಳಿಯಬೇಕು.

ಒಂದು ಐಟಂ ಹಿಡಿದು ಲೆಕ್ಕ ತೋರಿಸುತ್ತೇನೆ, 25 ಮಿ.ಮೀ. ಮೆಕ್ಯಾನಿಕಲ್ ಸೀಲ್. ಸುಲಭ ಆಗಲಿ ಅಂತ ಸಂಖ್ಯೆಗಳನ್ನು ದುಂಡಗೆ ಮಾಡಿದ್ದೇನೆ. ನಾವು ಅಂದಾಜು ಮಾಡಿದ ಮಾರಾಟಕ್ಕೂ ನಿಜವಾದ ಮಾರಾಟಕ್ಕೂ ವಾರವಾರ ಎಷ್ಟು ಏರುಪೇರು ಆಗುತ್ತದೆ (ಸ್ಟ್ಯಾಂಡರ್ಡ್ ಡೀವಿಯೇಶನ್ ಅಂತಾರಲ್ಲ, ಅದು) ಅಂತ ಒಂದು ವರ್ಷದ ಲೆಕ್ಕ ತೆಗೆದೆ. ಹುಬ್ಬಳ್ಳಿ 20, ಹೈದರಾಬಾದ್ 30, ಚೆನ್ನೈ 40, ಕೊಚ್ಚಿ 10. ಆರ್ಡರ್ ಹಾಕಿದ ಮೇಲೆ ಮಾಲು ಬರಲು 4 ವಾರ. ನೂರು ಸಲ ತರಿಸಿದರೆ 95 ಸಲ ಮಧ್ಯದಲ್ಲಿ ಖಾಲಿ ಆಗಬಾರದು ಅಂತಿದ್ದರೆ 1.65ರಿಂದ ಗುಣಿಸಬೇಕು. ನಾಲ್ಕು ವಾರಕ್ಕೆ ಏರುಪೇರು ನಾಲ್ಕು ಪಟ್ಟಲ್ಲ, ಎರಡೇ ಪಟ್ಟು, ಅಲ್ಲೂ ಇದೇ ವರ್ಗಮೂಲ. ಹೀಗೆ ಲೆಕ್ಕ ಹಾಕಿದರೆ ನಾಲ್ಕು ಡಿಪೋಗೆ 66, 99, 132, 33. ಒಟ್ಟು 330 ಸೀಲ್.

ನಿಯಮದ ಪ್ರಕಾರ ಇದು 165 ಆಗಬೇಕು. ಆದರೆ ಆ ನಿಯಮ ನಾಲ್ಕೂ ಡಿಪೋದಲ್ಲಿ ಏರುಪೇರು ಒಂದೇ ಸಮ ಇದೆ ಅಂತ ಅಂದುಕೊಂಡಿರುತ್ತದೆ. ನಮ್ಮಲ್ಲಿ ಚೆನ್ನೈ ಒಂದೇ ಕೊಚ್ಚಿಯ ನಾಲ್ಕು ಪಟ್ಟು. ಇಲ್ಲಿ ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ ನೆನಪಿಸಿಕೊಳ್ಳಿ. ಹೈದರಾಬಾದಿನ 30, ಚೆನ್ನೈನ 40 ಸೇರಿದರೆ 70 ಅಲ್ಲ, 50. ಒಂದು ಕಡೆ ಜಾಸ್ತಿ ಹೋದ ವಾರ ಇನ್ನೊಂದು ಕಡೆ ಕಮ್ಮಿ ಹೋಗಿರಬಹುದು, ಒಂದರ ತಪ್ಪನ್ನು ಇನ್ನೊಂದು ಅಷ್ಟಿಷ್ಟು ಮುಚ್ಚುತ್ತದೆ, ಅದಕ್ಕೇ ಆ 20 ಉಳಿಯುವುದು. ನಾಲ್ಕನ್ನೂ ಹೀಗೆ ಕೂಡಿಸಿದರೆ ವಾರಕ್ಕೆ 55ರ ಹತ್ತಿರ ಬರುತ್ತದೆ, ಸೇಫ್ಟಿ ಸ್ಟಾಕ್ 181. ಅರ್ಧ ಅಲ್ಲ, ಆದರೂ ಪರವಾಗಿಲ್ಲ ಅನ್ನಿಸಿತು.

ಆದರೆ ಪೈಥಾಗೊರಸ್ ನಡೆಯಬೇಕಾದರೆ ಮೂಲೆ ನೇರ ಇರಬೇಕು, ಅಂದರೆ ಒಂದು ಊರಿನ ಏರುಪೇರಿಗೂ ಇನ್ನೊಂದು ಊರಿನದಕ್ಕೂ ಸಂಬಂಧ ಇರಬಾರದು. ಎರಡೂ ಕಡೆ ಒಟ್ಟೊಟ್ಟಿಗೇ ಏರಿ ಒಟ್ಟೊಟ್ಟಿಗೇ ಇಳಿದರೆ 30 ಮತ್ತು 40 ಸೇರಿ ಪೂರಾ 70, ಒಂದು ಸೀಲೂ ಉಳಿಯುವುದಿಲ್ಲ. ಗ್ಯಾರಿ ಎಪ್ಪೆನ್ ಅನ್ನುವವರು 1979ರಲ್ಲೇ ಇದನ್ನು ಲೆಕ್ಕ ಮಾಡಿ ತೋರಿಸಿದ್ದರು. ನಮ್ಮ ಮೀಟಿಂಗಿಗೆ ಮಾತ್ರ ಅದು ತಲುಪಿರಲಿಲ್ಲ.

ನಾನು ಎಕ್ಸೆಲ್‌ನಲ್ಲಿ ಎರಡೆರಡು ಊರು ಹಿಡಿದು `CORREL` ಹಾಕಿ ನೋಡಿದೆ. ಎರಡು ಊರಿನ ಅಂಕಿಗಳಿಗೆ ಸಂಬಂಧ ಇಲ್ಲದಿದ್ದರೆ ಅದು 0 ಹತ್ತಿರ ಬರುತ್ತದೆ, ಪೂರಾ ಒಟ್ಟೊಟ್ಟಿಗೇ ಏರಿಳಿದರೆ 1. 0.7 ಬಂತು. ಎದೆ ಧಸಕ್ಕೆಂದಿತು, ಇಷ್ಟಿದ್ದರೆ ಸೇರಿಸುವುದೇ ದಂಡ. ಎರಡು ದಿನ ಆದ ಮೇಲೆ ಗೊತ್ತಾಯಿತು, ನಾನು ಹಾಕಿದ್ದು ಮಾರಾಟದ ಅಂಕಿಗಳನ್ನು. ಬೇಸಿಗೆಯಲ್ಲಿ ಎಲ್ಲ ಕಡೆ ಪಂಪು ಓಡುತ್ತದೆ, ಎಲ್ಲ ಕಡೆ ಸೀಲ್ ಹೋಗುತ್ತದೆ, ಇದು ನಮಗೆ ಮೊದಲೇ ಗೊತ್ತಿರುವ ವಿಷಯ, ಅದನ್ನು ಅಂದಾಜಿನಲ್ಲೇ ಸೇರಿಸಿಕೊಂಡಿರುತ್ತೇವೆ. ಸೇಫ್ಟಿ ಸ್ಟಾಕ್ ಬೇಕಾಗುವುದು ಗೊತ್ತಿಲ್ಲದ ಭಾಗಕ್ಕೆ. ಹಾಗಾಗಿ ಮಾರಾಟದಿಂದ ಅಂದಾಜನ್ನು ಕಳೆದು, ಉಳಿದ ತಪ್ಪುಗಳನ್ನು ಮಾತ್ರ ಹೋಲಿಸಬೇಕು. ಹಾಗೆ ಮಾಡಿದಾಗ 0.4 ಬಂತು.

ಎಕ್ಸೆಲ್‌ನಲ್ಲಿ ಇಷ್ಟೇ. B2ರಿಂದ B5ರವರೆಗೆ ನಾಲ್ಕು ಊರಿನ ಏರುಪೇರು, D1ರಲ್ಲಿ ಆ 0.4:

```
=1.65*SQRT(4)*SQRT(SUMSQ(B2:B5)+D1*(SUM(B2:B5)^2-SUMSQ(B2:B5)))
```

D1ರಲ್ಲಿ 0 ಇಟ್ಟರೆ 181, 1 ಇಟ್ಟರೆ ಹಳೇ 330, 0.4 ಇಟ್ಟರೆ 251. ಅಂದರೆ ಉಳಿತಾಯ ಅರ್ಧ ಅಲ್ಲ, ಕಾಲು ಭಾಗ. ಎಲ್ಲ ಜೋಡಿ ಊರಿಗೂ ಒಂದೇ 0.4 ಹಾಕಿದ್ದು ಒರಟು ಲೆಕ್ಕವೇ, ಆದರೆ ಬಾಸ್‌ಗೆ ತೋರಿಸಲು ಸಾಕಾಗಿತ್ತು.

ಬೇಸಿಗೆ ತೆಗೆದ ಮೇಲೂ 0.4 ಯಾಕೆ? ತಪ್ಪು ಜಾಸ್ತಿ ಇದ್ದ ವಾರಗಳನ್ನು ಗುರುತು ಹಾಕುತ್ತಾ ಹೋದೆ. ಮೂರು ತಿಂಗಳಿಗೊಮ್ಮೆ ಕೊನೆಯ ವಾರ ನಾಲ್ಕೂ ಕಡೆ ಎತ್ತರ, ಮುಂದಿನ ಎರಡು ವಾರ ನಾಲ್ಕೂ ಕಡೆ ಪಾತಾಳ. ಅದು ನಮ್ಮದೇ ಸೇಲ್ಸ್‌ನವರ ಸ್ಕೀಮ್! ಟಾರ್ಗೆಟ್ ಮುಟ್ಟಲು ಎಲ್ಲ ರಾಜ್ಯಕ್ಕೂ ಒಂದೇ ವಾರ ಹತ್ತಕ್ಕೆ ಒಂದು ಫ್ರೀ ಅಂತ ಬಿಡುತ್ತಿದ್ದರು, ಡೀಲರುಗಳು ಅದಕ್ಕೇ ಕಾದು ತುಂಬಿಕೊಳ್ಳುತ್ತಿದ್ದರು. ರೈತನ ಪಂಪಿಗೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಸ್ಕೀಮ್ ನಿಲ್ಲಿಸಿ ಅಂದರೆ ಯಾರೂ ಕೇಳುವುದಿಲ್ಲ, ಅದು ನನಗೂ ಗೊತ್ತು. ಒಂದೊಂದು ರಾಜ್ಯಕ್ಕೆ ಬೇರೆ ಬೇರೆ ವಾರ ಬಿಡಿ ಅಂತ ಕೇಳಿದೆ. ಅದಕ್ಕೂ ಒಂದಿಷ್ಟು ಜಗಳ ಆಯಿತು, ಕೊನೆಗೆ ಒಪ್ಪಿದರು. ಒಂದು ವರ್ಷದ ನಂತರ ಅಳೆದಾಗ 0.4 ಇದ್ದದ್ದು 0.2ಕ್ಕೆ ಬಂದಿತ್ತು. ನಮ್ಮ ಸೀಲಿನ ಲೆಕ್ಕದಲ್ಲಿ ಅದು 251ರಿಂದ 219. ಸೊನ್ನೆ ಆಗುವುದಿಲ್ಲ, ಮಳೆ ಕೈಕೊಟ್ಟ ವರ್ಷ ಹುಬ್ಬಳ್ಳಿ ಕಡೆಯೂ ತೆಲಂಗಾಣದಲ್ಲೂ ಬೋರ್‌ವೆಲ್ ಒಟ್ಟಿಗೇ ಹಗಲು ರಾತ್ರಿ ಓಡುತ್ತವೆ.

ಇದು ಕಾಗದದ ಕಥೆ. ಗೋಡೌನ್ ಶುರುವಾದ ಮೇಲೆ ಆದದ್ದೇ ಬೇರೆ.

ಡಿಪೋ ಮುಚ್ಚುತ್ತೇವೆ ಅಂದಾಗ ನಾಲ್ಕೂ ಮ್ಯಾನೇಜರುಗಳಿಗೆ ಒಂದೇ ಚಿಂತೆ. ಹುಬ್ಬಳ್ಳಿಯವರು ಫೋನಿನಲ್ಲಿ ನೇರವಾಗಿ ಕೇಳಿದರು: "ಸಾಹೇಬ್ರ, ಚೆನ್ನೈನವರು ದೊಡ್ಡ ಆರ್ಡರ್ ಹಾಕಿ ಎಲ್ಲಾ ಬಳ್ಕೊಂಡು ಹೋದ್ರ, ನಮ್ಮ ಡೀಲರಿಗೆ ನಾ ಏನ್ ಹೇಳ್ಲಿ?" ನ್ಯಾಯವಾದ ಪ್ರಶ್ನೆ. ಅವರನ್ನು ಸಮಾಧಾನ ಮಾಡಲು ಸಾಫ್ಟ್‌ವೇರಿನಲ್ಲಿ ಪ್ರತಿ ಊರಿಗೂ ಕೋಟಾ ಕಟ್ಟಿದೆವು. ಗೋಡೌನ್ ಒಂದೇ, ಆದರೆ ಈ 66 ಹುಬ್ಬಳ್ಳಿಯದು, ಈ 132 ಚೆನ್ನೈನದು ಅಂತ. ಎಲ್ಲರೂ ಖುಷಿಯಾದರು.

ಮೂರು ತಿಂಗಳಾಯಿತು. ಸ್ಟಾಕ್ ಇಳಿಯಲಿಲ್ಲ, ಡೀಲರುಗಳ ಬೈಗುಳ ಮಾತ್ರ ಜಾಸ್ತಿ ಆಯಿತು. ಒಂದು ಸೋಮವಾರ ಬೆಳಿಗ್ಗೆ ಬಾಕಿ ಆರ್ಡರುಗಳ ಪಟ್ಟಿ ತೆಗೆದು ಒಂದೊಂದಾಗಿ ನೋಡಿದೆ. 61 ಐಟಂ ಬಾಕಿ ಇದ್ದವು. ಅದರಲ್ಲಿ 37 ಅದೇ ಗೋಡೌನಿನಲ್ಲಿ, ಅದೇ ರ‍್ಯಾಕಿನಲ್ಲಿ, ಬೇರೆ ಊರಿನ ಕೋಟಾದಲ್ಲಿ ಬಿದ್ದಿದ್ದವು. ಕೊಚ್ಚಿಗೆ ಸೀಲ್ ಇಲ್ಲ ಅಂತ ಬರೆದು ಕಳಿಸಿದ್ದ ಹುಡುಗ ನಿಂತಿದ್ದ ಜಾಗದಿಂದ ಎರಡು ಮಾರು ದೂರದಲ್ಲಿ ಚೆನ್ನೈನ 90 ಸೀಲ್ ಇದ್ದವು.

ನಾವು ಮಾಡಿದ್ದೇನು ಅಂದರೆ ನಾಲ್ಕು ಡಿಪೋಗಳನ್ನು ಎತ್ತಿಕೊಂಡು ಬಂದು ಒಂದೇ ಸೂರಿನಡಿ ಇಟ್ಟದ್ದು. ಲೆಕ್ಕದಲ್ಲಿ ಅದು ಇನ್ನೂ 330. ಒಂದು ಊರಿನ ಹೆಚ್ಚುವರಿ ಇನ್ನೊಂದು ಊರಿನ ಕೊರತೆಗೆ ಹೋಗಲು ಬಿಡದೇ ಇದ್ದರೆ ವರ್ಗಮೂಲ ಎಲ್ಲಿಂದ ಬರಬೇಕು? ನಿಮ್ಮಲ್ಲೂ ಹೀಗಿದೆಯಾ ಅಂತ ಅನುಮಾನ ಇದ್ದರೆ ಇದೊಂದನ್ನು ನೋಡಿ: ಒಂದೇ ದಿನ ಒಂದೇ ಐಟಂ ಒಬ್ಬರಿಗೆ ಬಾಕಿ, ಇನ್ನೊಬ್ಬರ ಹೆಸರಲ್ಲಿ ಸ್ಟಾಕ್.

ಕೋಟಾ ತೆಗೆದೆವು. ಬದಲಿಗೆ ಒಂದು ನಿಯಮ ಮಾಡಿದೆವು. ಮಾಲು ಇರುವವರೆಗೆ ಮೊದಲು ಬಂದ ಆರ್ಡರಿಗೆ ಮೊದಲು, ಯಾವ ಊರಾದರೂ ಸರಿ. ಸ್ಟಾಕ್ ಒಂದು ಮಟ್ಟಕ್ಕಿಂತ ಕೆಳಗೆ ಹೋದ ಐಟಂಗೆ ಮಾತ್ರ, ಆ ವಾರದ ಆರ್ಡರುಗಳಿಗೆ ಪಾಲು ಹಂಚಿ ಕೊಡುವುದು. ಹುಬ್ಬಳ್ಳಿಯವರ ಭಯ ಇದ್ದದ್ದು ಆ ಕೊನೆಯ ಗಳಿಗೆಯ ಬಗ್ಗೆ, ದಿನದಿನದ ಮಾಲಿನ ಬಗ್ಗೆ ಅಲ್ಲ. ಆ ಪಾಲು ಬರಹದಲ್ಲಿ ಸಿಕ್ಕ ಮೇಲೆ ಅವರೂ ಸುಮ್ಮನಾದರು.

ಸ್ಟಾಕ್ ಇಳಿದದ್ದು ಆಮೇಲೆ, ಅದೂ ನಿಧಾನಕ್ಕೆ. ಬೇಕಾದದ್ದಕ್ಕಿಂತ ಜಾಸ್ತಿ ಇದ್ದ ಐಟಂಗಳ ಖರೀದಿ ನಿಲ್ಲಿಸಿ ಅವು ಖಾಲಿ ಆಗುವವರೆಗೆ ಕಾಯಬೇಕಿತ್ತು, ಎಂಟು ತಿಂಗಳು ಹಿಡಿಯಿತು. 60 ಲಕ್ಷ ಇದ್ದ ಸೇಫ್ಟಿ ಸ್ಟಾಕ್ 40 ಲಕ್ಷದ ಆಸುಪಾಸಿಗೆ ಬಂತು. ಬಾಸ್ ಹೇಳಿದ್ದ ಒಂದು ಕೋಟಿ ಎಲ್ಲಿ, ಈ 20 ಲಕ್ಷ ಎಲ್ಲಿ! ಅದರಲ್ಲಿ ದೊಡ್ಡ ಪಾಲು ದುಬಾರಿ ಇಂಪೆಲ್ಲರುಗಳದ್ದು. ವರ್ಷಕ್ಕೆ ಎರಡೋ ಮೂರೋ ಹೋಗುವ ಐಟಂ ಮೊದಲು ನಾಲ್ಕು ಕಡೆ ಒಂದೊಂದು ಇಡಬೇಕಿತ್ತು, ಈಗ ಒಂದೋ ಎರಡೋ ಸಾಕು. ದಿನಾ ಹೋಗುವ ಅಗ್ಗದ ಬುಶ್, ಬೇರಿಂಗ್‌ಗಳಲ್ಲಿ ಉಳಿದದ್ದು ಅಷ್ಟಕ್ಕಷ್ಟೇ, ಪಾರ್ಸೆಲ್ ಖರ್ಚು ಅದನ್ನು ತಿಂದು ಹಾಕಿತು. ಅಂಥ ನಲವತ್ತು ಐಟಂಗಳನ್ನು ಮತ್ತೆ ಹುಬ್ಬಳ್ಳಿಯಲ್ಲೇ ಒಂದು ಸಣ್ಣ ಮಳಿಗೆ ಹಿಡಿದು ಇಟ್ಟೆವು. ನೆಲಮಂಗಲದಿಂದ 400 ಕಿ.ಮೀ. ದೂರ, ರಾತ್ರಿ ಲಾರಿ ತಪ್ಪಿದರೆ ಡೀಲರ್ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಮಾರ್ಚ್ ಕೊನೆಗೆ ಸ್ಟಾಕ್ ಎಣಿಸಲು ನಾನೇ ಆ ಮಳಿಗೆಗೆ ಹೋಗಿದ್ದೆ. ಎಲ್ಲ ಸರಿಯಿತ್ತು. ಮ್ಯಾನೇಜರ್ ಟೇಬಲ್ ಹಿಂದಿನ ಬೀರು ತೆಗೆಸಿದರೆ ಒಳಗೆ ಡಬ್ಬಿಯಲ್ಲಿ 22 ಸೀಲ್, ಅದೇ 25 ಮಿ.ಮೀ. ಯಾವ ಲೆಕ್ಕದಲ್ಲೂ ಇಲ್ಲದವು. "ತುರ್ತಿಗೆ ಇರ್ಲಿ ಅಂತ್ರೀ," ಅಂದರು ಮುಖ ಎತ್ತದೆ. ಸಾಫ್ಟ್‌ವೇರಿಗೆ 22 ಅಂತ ಹತ್ತಿಸಿ, ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದೆ.