ಸೇಲ್ಸ್ ಎಕ್ಸಿಕ್ಯುಟಿವ್ ಇಂಟರ್‌ವ್ಯೂಗೆ ಮಾರ್ಕ್ಸ್ ಶೀಟ್: ನನ್ನ ಅನುಭವ

ಶಿವಮೊಗ್ಗದಲ್ಲಿ ನಮ್ದು ಸ್ಪ್ರೇಯರ್, ಅಡಿಕೆ ಸುಲಿಯೋ ಮಷೀನ್ ಮಾರೋ ಡೀಲರ್‌ಶಿಪ್. ತೀರ್ಥಹಳ್ಳಿ-ಹೊಸನಗರ ಲೈನಿಗೆ ಒಬ್ರು ಬೇಕಿತ್ತು. ಸೇಲ್ಸ್ ಕೆಲಸಕ್ಕೆ ಬರೋರೆಲ್ಲ ಮಾತಲ್ಲಿ ಜೋರೇ, ಅರ್ಧ ಗಂಟೆ ಹರಟೆ ಹೊಡೆದ್ರೆ ಎಲ್ರೂ ಇಷ್ಟ ಆಗ್ಬಿಡ್ತಾರೆ, ಆಮೇಲೆ ಯಾರು ಯಾಕೆ ಬೆಟರ್ ಅಂದ್ರೆ ಹೇಳಕ್ಕೆ ಬರಲ್ಲ. ಹಂಗಾಗಿ ನಾಲ್ಕೇ ಪ್ರಶ್ನೆ ಬರ್ಕೊಂಡೆ: ಹೊಸ ಗಿರಾಕಿ ಹುಡುಕೋದು, ಡೆಮೋ ಕೊಡೋದು, ಬಾಕಿ ವಸೂಲಿ, ದಿನದ ರೂಟ್ ಪ್ಲಾನ್. ಎಲ್ರಿಗೂ ಅದೇ ಮಾತು, ಅದೇ ಆರ್ಡರ್.

ವಸೂಲಿ ಪ್ರಶ್ನೆಗೇ ಜಾಸ್ತಿ ತಲೆ ಕೆಡಿಸ್ಕೊಂಡಿದ್ದು, ಯಾಕಂದ್ರೆ ನಮ್ಮ ಕಡೆ ಮಳೆಗೆ ಮುಂಚೆ ಕೊಳೆರೋಗದ ಔಷಧಿ ಹೊಡೆಯಕ್ಕೆ ಸ್ಪ್ರೇಯರ್ ತಗೊಂಡೋರು ದುಡ್ಡು ಕೊಡೋದು ಕೊಯ್ಲಾಗಿ ಅಡಿಕೆ ಮಂಡಿಗೆ ಹೋದ್ಮೇಲೆ. "ವಸೂಲಿ ಹೆಂಗೆ ಮಾಡ್ತೀರಿ" ಅಂದ್ರೆ ಎಲ್ರೂ ಚಂದದ ಉತ್ತರ ಕೊಡ್ತಾರೆ, ಅದಕ್ಕೆ "ದುಡ್ಡು ಬರದೇ ನಿಂತಿದ್ದ ಒಂದು ಸಂದರ್ಭ ಹೇಳಿ, ನೀವೇನು ಮಾಡಿದ್ರಿ, ಕೊನೆಗೇನಾಯ್ತು" ಅಂತ ಇಟ್ಟೆ. ಫ್ರೆಶರ್ ಆದ್ರೆ ಊರ ಗಣಪತಿ ಚಂದಾ ಎತ್ತಿದ್ ಕಥೆ ಆದ್ರೂ ನಡೆಯುತ್ತೆ.

ಮಾರ್ಕ್ಸ್ 1ರಿಂದ 5. ಬರೀ ಫೋನ್ ಮಾಡ್ತಾ ಕೂತಿದ್ರೆ, ಇಲ್ಲಾ ಓನರ್ ಮೇಲೆ ಹಾಕಿದ್ರೆ 1. ತಾನೇ ಹೋಗಿ ತಾರೀಖು ತಗೊಂಡು ಬಂದಿದ್ರೆ 3. ದುಡ್ಡು ಯಾಕೆ ನಿಂತಿದೆ ಅಂತ ತಿಳ್ಕೊಂಡು, ಬಾಕಿಲಿ ಸ್ವಲ್ಪ ದುಡ್ಡು ಕಿತ್ತು, ಹೊಸ ಉದ್ರಿ ನಿಲ್ಸಿ, ಗಿರಾಕಿನೂ ಉಳಿಸ್ಕೊಂಡಿದ್ರೆ 5. ಮಧ್ಯದ್ದಕ್ಕೆ 2, 4. ಈ ವಾಕ್ಯಗಳನ್ನ ಇಂಟರ್‌ವ್ಯೂ ಮುಂಚೆನೇ ಬರೀಬೇಕು, ಆಮೇಲೆ ಬರೆದ್ರೆ ಮನಸಲ್ಲಿರೋ ಹುಡುಗನ್ನ ನೋಡ್ಕೊಂಡೇ ಬರೀತೀವಿ. ವಸೂಲಿಗೆ ಡಬಲ್ ತೂಕ, ಒಟ್ಟು 25.

ಮಧ್ಯೆ ಸುಳಿವು ಕೊಡೋ ಹಾಗಿಲ್ಲ. "ನಾವು ಮಾಡಿದ್ವಿ" ಅಂದ್ರೆ ಮಾತ್ರ "ಅದ್ರಲ್ಲಿ ನೀವು ಮಾಡಿದ್ದು ಯಾವ್ದು" ಅಂತ ಕೇಳ್ಬೋದು.

ನಾನು, ನಮ್ಮ ಅಕೌಂಟೆಂಟ್ ಮೇಡಂ ಬೇರೆ ಬೇರೆ ಶೀಟಲ್ಲಿ, ನಾವಿಬ್ರು ಮಾತಾಡ್ಕೊಳ್ಳೋ ಮುಂಚೆ, ಇಂಟರ್‌ವ್ಯೂಗೆ ಬಂದೋರು ಹೇಳಿದ ಮಾತಿನ ಸಮೇತ ಮಾರ್ಕ್ಸ್ ಹಾಕಿದ್ವಿ. ಒಂದು ಮಾರ್ಕ್ ವ್ಯತ್ಯಾಸ ಇದ್ರೆ ಸರಾಸರಿ, ಎರಡು ಅಥ್ವಾ ಜಾಸ್ತಿ ಇದ್ರೆ ನೋಟ್ಸ್ ಓದೋದು. ಒಬ್ಬ ಚುರುಕು ಹುಡುಗಂಗೆ ಉಳಿದ ಮೂರರಲ್ಲಿ 5, 4, 3 ಅಂತ ಇಬ್ರದ್ದೂ ಒಂದೇ ಇತ್ತು, ವಸೂಲಿಲಿ ಮಾತ್ರ ಮೇಡಂ 4, ನಾನು 2. ನೋಟ್ಸ್ ನೋಡಿದ್ರೆ ಚೆಕ್ ತಂದಿದ್ದೇನೋ ನಿಜ, ಆದ್ರೆ ಗಿರಾಕಿ ಹತ್ರ ಮಾತಾಡಿ ಒಪ್ಪಿಸಿದ್ದು ಅವನ ಹಳೇ ಓನರ್, ಇವ್ನು ಹೋಗಿ ಇಸ್ಕೊಂಡು ಬಂದಿದ್ದಷ್ಟೇ. ಮೇಡಂ ಕೂಡ 2 ಅಂದ್ರು. 4 ಆಗಿದ್ರೆ ಒಟ್ಟು 20 ಆಗ್ತಿತ್ತು, ಈಗ 16. ಕಡಿಮೆ ಮಾತಿನ ಇನ್ನೊಬ್ರಿಗೆ ಮೂರರಲ್ಲೂ 3, ವಸೂಲಿಲಿ 5, ಒಟ್ಟು 19. ಅವ್ರನ್ನೇ ತಗೊಂಡ್ವಿ.

ಮಳೆಗಾಲದಲ್ಲಿ ಬೈಕಲ್ಲಿ ಆ ಲೈನ್ ಓಡಾಡ್ತಾರಾ ಅನ್ನೋದು ಈ ಶೀಟಲ್ಲಿ ಗೊತ್ತಾಗಲ್ಲ, ಅದಕ್ಕೆ ಅಪಾಯಿಂಟ್‌ಮೆಂಟ್ ಲೆಟರ್ ಕೊಡೋ ಮುಂಚೆ ಒಂದಿನ ಸಂಬಳ ಕೊಟ್ಟು ನಮ್ಮ ಸರ್ವಿಸ್ ಹುಡುಗನ ಜೊತೆ ಫೀಲ್ಡಿಗೆ ಕಳಿಸ್ತೀವಿ.